ಗಲ್ಲಾಪೆಟ್ಟಿಗೆ ಮುಚ್ಚುವ ಮುನ್ನ

ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಹೋಗುವ ಬೀದಿಯ ಪಕ್ಕದಲ್ಲೇ ನಮ್ಮದೊಂದು ಸಣ್ಣ ದಿನಸಿ ಅಂಗಡಿ. ಸರಕು ತರಲು ಹಾಸನ, ಅರಸೀಕೆರೆ ಎಂದು ಯಜಮಾನರು ಓಡಾಡಿದರೆ ಗಲ್ಲಾದ ಮುಂದೆ ಕೂರುವವಳು ನಾನು. ಹೋದ ವಾರ ಹೊಸ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದಳು. ಪಿ.ಯು.ಸಿ. ಮುಗಿಸಿದ್ದಾಳೆ, ಲೆಕ್ಕದಲ್ಲಿ ಚುರುಕು. ಆದರೂ ರಾತ್ರಿ ಅಂಗಡಿ ಬಾಗಿಲು ಹಾಕುವಾಗ ಹಣ ಎಣಿಸಿ ವ್ಯಾಪಾರದ ಲೆಕ್ಕಕ್ಕೆ ತಾಳೆ ಹಾಕುವ ಕೆಲಸವನ್ನು ಬಾಯಲ್ಲಿ ಹೇಳಿದರೆ ಮರೆತುಹೋದೀತೆಂದು ಒಂದು ಚೀಟಿ ಬರೆದುಕೊಟ್ಟೆ. ಬರೆಯುತ್ತಾ ಬರೆಯುತ್ತಾ ಅದು ಚೀಟಿಯಾಗಿ ಉಳಿಯಲಿಲ್ಲ, ಕಾಗದವೇ ಆಯಿತು! ಮನೆಯ ಮುಂದೆ ಪುಟ್ಟ ಅಂಗಡಿ ಇಟ್ಟುಕೊಂಡ ಸೋದರಿಯರಿಗೂ ಉಪಯೋಗವಾಗಬಹುದೆಂದು ಅದನ್ನೇ ಇಲ್ಲಿ ಕೊಟ್ಟಿದ್ದೇನೆ.

ನೋಡಮ್ಮ, ಮೊದಲು ಒಂದು ಹಳೆಯ ಸಂಗತಿ ಹೇಳಿಬಿಡುತ್ತೇನೆ. ನಿನಗಿಂತ ಮುಂಚೆ ಇಲ್ಲಿ ಇನ್ನೊಬ್ಬ ಹುಡುಗಿ ಇದ್ದಳು. ಒಂದು ರಾತ್ರಿ ಗಲ್ಲಾದಲ್ಲಿ 270 ರೂಪಾಯಿ ಕಡಿಮೆ ಬಂತು. ಎರಡು ಸಲ ಎಣಿಸಿದೆ, ಅಷ್ಟೇ. ನಾನು ಏನೂ ಬೈಯಲಿಲ್ಲ, ಆದರೆ "ನೀನೇನಾದರೂ ತೆಗೆದಿದ್ದೀಯೇನೇ?" ಎಂದು ಕೇಳಿಬಿಟ್ಟೆ. ಮಾರನೆಯ ದಿನದಿಂದ ಅವಳು ಬರಲಿಲ್ಲ. ತಿಂಗಳ ಕೊನೆಯಲ್ಲಿ ಬಿಲ್ ಪುಸ್ತಕದ ಕಾರ್ಬನ್ ಪ್ರತಿಗಳನ್ನು ಕೂಡುತ್ತಾ ಕೂತಾಗ ಸಿಕ್ಕಿತು. ಬಿಲ್ಲಿನಲ್ಲಿ 360 ಇದೆ, ಮಾರಾಟದ ಪುಸ್ತಕಕ್ಕೆ ಏರಿಸುವಾಗ 630 ಎಂದು ಬರೆದಿದ್ದೇನೆ. ಬರೆದ ಕೈ ನನ್ನದು! ಅವಳ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ. ಅವಳ ತಾಯಿ ಕಾಫಿ ಕೊಟ್ಟರು. ಹುಡುಗಿ ಮಾತ್ರ ಮತ್ತೆ ಬರಲಿಲ್ಲ. ಆದ್ದರಿಂದ ಈ ಲೆಕ್ಕ ಕಳ್ಳರನ್ನು ಹಿಡಿಯಲಿಕ್ಕೆ ಎಂದುಕೊಳ್ಳಬೇಡ. ಹಣ ಕಡಿಮೆ ಬಂದರೆ ಅದು ಎಲ್ಲಿ ಹೋಯಿತೆಂದು ಅವತ್ತೇ ಹುಡುಕಲಿಕ್ಕೆ.

ಈಗ ಕೆಲಸಕ್ಕೆ ಬರೋಣ. ಬೆಳಗ್ಗೆ ಗಲ್ಲಾದಲ್ಲಿ 1,000 ರೂಪಾಯಿ ಚಿಲ್ಲರೆ ಇಟ್ಟೇ ಬಾಗಿಲು ತೆಗೆಯುತ್ತೇವೆ, ಹತ್ತು ಇಪ್ಪತ್ತರ ನೋಟು ಮತ್ತು ನಾಣ್ಯ. ಇದು ವ್ಯಾಪಾರದ ಹಣವಲ್ಲ, ರಾತ್ರಿ ಮರೆತರೆ ಸಾವಿರ ರೂಪಾಯಿ ಲಾಭ ಬಂದ ಹಾಗೆ ಕಾಣುತ್ತದೆ. ದಿನವಿಡೀ ನಾಲ್ಕು ಸಂಗತಿಗಳು ಪುಸ್ತಕಕ್ಕೆ ಬೀಳಬೇಕು. ನಗದಿಗೆ ಕೊಟ್ಟದ್ದು, ಫೋನಿನಲ್ಲಿ ಹಣ ಬಂದದ್ದು, ಸಾಲಕ್ಕೆ ಕೊಟ್ಟದ್ದು, ಮತ್ತೆ ಗಲ್ಲಾದಿಂದ ನಾವೇ ತೆಗೆದು ಕೊಟ್ಟದ್ದು. ಕೊನೆಯದೇ ಹೆಚ್ಚು ಮರೆಯುವುದು. ಹಾಲಿನವನಿಗೆ, ಮೂಟೆ ತಂದ ಆಟೋದವನಿಗೆ, ಸಂಜೆ ಟೀಗೆ ಎಂದು ತೆಗೆದಾಗಲೆಲ್ಲ ಒಂದು ತುಂಡು ಕಾಗದದಲ್ಲಿ ಬರೆದು ಗಲ್ಲಾದೊಳಗೇ ಹಾಕು. ನಾನು ತರಕಾರಿಗೆಂದು ನೂರು ರೂಪಾಯಿ ಎತ್ತಿಕೊಂಡರೂ ಚೀಟಿ ಕೇಳು, ಸಂಕೋಚ ಬೇಡ. ಯಜಮಾನರನ್ನೂ ಕೇಳು. ಮನೆಯವರೇ ಕೈ ಹಾಕುವ ಗಲ್ಲಾ ಎಂದೂ ತಾಳೆಯಾಗುವುದಿಲ್ಲ ಕಣೆ.

ರಾತ್ರಿ ಶಟರನ್ನು ಅರ್ಧ ಇಳಿಸಿದ ಮೇಲೆಯೇ ಎಣಿಸಲು ಕೂರು. ಒಬ್ಬ ಗಿರಾಕಿ ಬೆಂಕಿಪೊಟ್ಟಣಕ್ಕೆ ಬಂದರೂ ಮಧ್ಯೆ ಎಣಿಕೆ ತಪ್ಪುತ್ತದೆ. ದೊಡ್ಡ ನೋಟಿನಿಂದ ಶುರು ಮಾಡಿ ಒಂದೊಂದು ಬೆಲೆಯದನ್ನೂ ಬೇರೆ ಬೇರೆ ಗುಪ್ಪೆ ಮಾಡು, ಎಷ್ಟು ನೋಟು ಎಂದು ಬರೆ, ಆಮೇಲೆ ಗುಣಿಸು. ನಮ್ಮ ಕಡೆಯ ಮಳೆಗಾಲ ನಿನಗೆ ಗೊತ್ತಲ್ಲ, ಒದ್ದೆ ಕೈಯಿಂದ ಬಂದ ನೋಟುಗಳು ಅಂಟಿಕೊಂಡು ಎರಡು ಸೇರಿ ಒಂದಾಗಿಬಿಡುತ್ತವೆ. ಬ್ಯಾಂಕಿನಿಂದ ತಂದ ಹೊಸ ನೋಟೂ ಹಾಗೆಯೇ. ಅಂಥವನ್ನು ಮೇಜಿನ ಮೇಲೆ ಒಂದೊಂದಾಗಿ ಹಾಕಿ ಎಣಿಸು. ಎರಡನೆಯ ಸಲ ಕಟ್ಟನ್ನು ತಿರುಗಿಸಿ ಇನ್ನೊಂದು ತುದಿಯಿಂದ ಎಣಿಸು.

ಒಂದು ಮಾತು ಬಹಳ ಮುಖ್ಯ. ಎಷ್ಟು ಇರಬೇಕು ಎಂಬ ಲೆಕ್ಕವನ್ನು ಮೊದಲೇ ನೋಡಿಕೊಂಡು ಎಣಿಸಲು ಕೂರಬೇಡ. ಇಷ್ಟು ಬರಬೇಕು ಎಂದು ಮನಸ್ಸಿನಲ್ಲಿದ್ದರೆ ಕೈ ತಾನಾಗಿ ಅಷ್ಟಕ್ಕೇ ನಿಲ್ಲುತ್ತದೆ, ಒಂದು ನೋಟು ಹೆಚ್ಚಾದರೆ "ಎಲ್ಲೋ ತಪ್ಪಿ ಎಣಿಸಿದೆ" ಎನಿಸುತ್ತದೆ. ಇದ್ದದ್ದನ್ನು ಎಣಿಸಿ ಬರೆದು, ಆಮೇಲೆ ಪುಸ್ತಕ ತೆಗೆ.

ಒಂದು ದಿನದ ಲೆಕ್ಕವನ್ನೇ ಹೇಳುತ್ತೇನೆ. ಹೋದ ಡಿಸೆಂಬರಿನಲ್ಲಿ, ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ಬಂದು ನಿಂತಿದ್ದ ದಿನ. 2023ರಲ್ಲಿ ನಮ್ಮ ದೇವಸ್ಥಾನ, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದವಲ್ಲ, ಆ ಮಾತು ಹೇಳಿಕೊಂಡು ಮೇಷ್ಟ್ರು ಮಕ್ಕಳನ್ನು ಗುಂಪು ಕಟ್ಟಿ ನಿಲ್ಲಿಸಿದ್ದರು, ಮಕ್ಕಳು ಬಿಸ್ಕತ್ತು ಬಿಸ್ಕತ್ತು ಎಂದು ನಮ್ಮ ಅಂಗಡಿಗೆ ಮುತ್ತಿಗೆ ಹಾಕಿದ್ದರು.

ಆ ದಿನದ ಒಟ್ಟು ಮಾರಾಟ ಪುಸ್ತಕದ ಪ್ರಕಾರ 9,460 ರೂಪಾಯಿ. ಇದರಲ್ಲಿ ಫೋನಿಗೆ ಬಂದದ್ದೆಂದು ಬರೆದಿದ್ದು 3,285. ಸಾಲಕ್ಕೆ ಕೊಟ್ಟದ್ದು 1,240. ಇವೆರಡನ್ನು ಕಳೆದರೆ ನಗದು ಮಾರಾಟ 4,935. ಬೆಳಗಿನ ಚಿಲ್ಲರೆ 1,000 ಸೇರಿಸು. ಹಳೆ ಸಾಲ ತೀರಿಸಲು ಒಬ್ಬರು ಕೊಟ್ಟ 600 ಸೇರಿಸು, ಅದು ಇವತ್ತಿನ ಮಾರಾಟವಲ್ಲದಿದ್ದರೂ ಹಣ ಗಲ್ಲಾಕ್ಕೇ ಬಂದಿದೆ. ಹಾಲಿಗೆ 420, ಆಟೋಗೆ 80, ಒಟ್ಟು 500 ಚೀಟಿಯಲ್ಲಿದೆ, ಅದನ್ನು ಕಳೆ. ಗಲ್ಲಾದಲ್ಲಿ ಇರಬೇಕಾದದ್ದು 6,035.

ಎಣಿಸಿದಾಗ ಬಂದದ್ದು ಇಷ್ಟು. ಐನೂರರ ನೋಟು 5, ಇನ್ನೂರರದು 4, ನೂರರದು 16, ಐವತ್ತರದು 7, ಇಪ್ಪತ್ತರದು 14, ಹತ್ತರದು 18, ನಾಣ್ಯಗಳೆಲ್ಲ ಸೇರಿ 160 ರೂಪಾಯಿ. ಕೂಡಿದರೆ 5,870. ಅಂದರೆ 165 ರೂಪಾಯಿ ಕಡಿಮೆ.

ಹಿಂದಿನ ನಾನಾಗಿದ್ದರೆ ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದೆ. ಅವತ್ತು ಫೋನು ತೆಗೆದು ಆ ದಿನ ಬಂದ ಹಣದ ಪಟ್ಟಿಯನ್ನು ಕೂಡಿದೆ. 3,450 ಬಂತು. ಪುಸ್ತಕದಲ್ಲಿ ಇದ್ದದ್ದು 3,285 ತಾನೆ? ಇಲ್ಲಿ 165 ಹೆಚ್ಚು! ಅಲ್ಲಿ ಕಡಿಮೆಯಾದಷ್ಟೇ ಇಲ್ಲಿ ಹೆಚ್ಚಾಗಿದೆ ಎಂದಮೇಲೆ ಹಣ ಎಲ್ಲಿಯೂ ಹೋಗಿಲ್ಲ, ತಪ್ಪು ಮನೆಯಲ್ಲಿ ಬರೆದಿದ್ದೇವೆ ಅಷ್ಟೆ. ಬಿಲ್ ಪುಸ್ತಕ ಮಗುಚಿದರೆ ಸಿಕ್ಕಿತು. ಕಾಲು ಕೆ.ಜಿ. ಕಾಫಿಪುಡಿ, 165 ರೂಪಾಯಿ. ಗಿರಾಕಿ ಮೊದಲು ನೋಟು ತೆಗೆದರಂತೆ, ಚಿಲ್ಲರೆ ಇಲ್ಲವೆಂದು ಆಮೇಲೆ ಫೋನಿನಲ್ಲಿ ಕೊಟ್ಟರಂತೆ. ಬಿಲ್ಲಿನಲ್ಲಿ ನಗದು ಎಂದೇ ಉಳಿದಿತ್ತು.

ಫೋನಿನ ಲೆಕ್ಕ ತಾಳೆ ಹಾಕುವಾಗ ಬ್ಯಾಂಕಿನಲ್ಲಿ ಎಷ್ಟಿದೆ ಎಂದು ನೋಡಿದರೆ ಸಾಲದು. ಕೆಲವು ಅಂಗಡಿ ಖಾತೆಗಳಿಗೆ ಹಣ ಮಾರನೆಯ ದಿನ ಒಟ್ಟಾಗಿ ಜಮೆಯಾಗುತ್ತದೆ. ಬಂದ ಹಣದ ಪಟ್ಟಿಯನ್ನೇ ನೋಡು. ನಮ್ಮ ಮಗ ಬೆಂಗಳೂರಿನಿಂದ ನನಗೆ ಕಳಿಸುವ ಹಣವೂ ಮೊದಲು ಇದೇ ಫೋನಿಗೆ ಬರುತ್ತಿತ್ತು, ಅದು ವ್ಯಾಪಾರದ ಜೊತೆ ಬೆರೆತು ತಲೆ ಕೆಡಿಸುತ್ತಿತ್ತು. ಈಗ ಅಂಗಡಿಗೆ ಬೇರೆಯೇ ಖಾತೆ ಮಾಡಿಸಿದ್ದೇವೆ. ಇನ್ನೊಂದು, ಗಿರಾಕಿ ತಮ್ಮ ಫೋನು ತೋರಿಸಿ "ಹೋಯ್ತು ನೋಡಿ" ಎಂದರೆ ಅದನ್ನು ನಂಬಿ ಬರೆಯಬೇಡ. ನಮ್ಮ ಫೋನಿಗೆ ಬಂದರೆ ಮಾತ್ರ ಬಂದ ಹಾಗೆ.

ಹಣ ಕಡಿಮೆ ಬಂದು ಫೋನಿನ ಲೆಕ್ಕ ಸರಿಯಿದ್ದರೆ ಆ ಮೊತ್ತವನ್ನೇ ದಿಟ್ಟಿಸಿ ನೋಡು. ಒಂಬತ್ತರಿಂದ ಭಾಗವಾಗುತ್ತದೆಯೇ? ಆದರೆ ಅಂಕಿಗಳು ಅದಲುಬದಲಾಗಿರುವ ಗುಮಾನಿ. 360ಕ್ಕೆ 630 ಬರೆದರೆ ವ್ಯತ್ಯಾಸ 270, ಒಂಬತ್ತು ಮೂವತ್ತಲ. ಸೊನ್ನೆ ಬಿಟ್ಟುಹೋದರೂ ಹೀಗೆಯೇ, 300ಕ್ಕೆ 30 ಬರೆದರೂ ಅದೇ 270. ಈ ಸಣ್ಣ ಉಪಾಯ ಅವತ್ತು ನನಗೆ ಗೊತ್ತಿದ್ದರೆ! ಸರಿಯಾಗಿ 180 ಕಡಿಮೆ ಬಂದರೆ ಚಿಲ್ಲರೆ ಕೊಡುವಾಗ ಇಪ್ಪತ್ತರ ಬದಲು ಇನ್ನೂರರ ನೋಟು ಹೋಗಿರಬಹುದು. ಎರಡೂ ಹಳದಿ ಛಾಯೆಯವು, ಕರೆಂಟು ಹೋದಾಗ ಮೋಸವಾಗುತ್ತದೆ. ಒಂಬತ್ತರಿಂದ ಭಾಗವಾದ ಮಾತ್ರಕ್ಕೆ ಇದೇ ಎಂದು ಹೇಳಲಾಗದು, ಎಲ್ಲಿ ಮೊದಲು ಹುಡುಕಬೇಕೆಂದು ಅಷ್ಟೇ ತಿಳಿಯುತ್ತದೆ. ಭಾಗವಾಗದಿದ್ದರೆ ಅಷ್ಟೇ ಮೊತ್ತದ ಬಿಲ್ಲು ಉಂಟೋ, ಚೀಟಿ ಹಾಕದೆ ಯಾರಾದರೂ ಹಣ ತೆಗೆದರೋ ನೋಡು.

ಹಣ ಹೆಚ್ಚು ಬಂದರೆ ಖುಷಿಪಡಬೇಡ. ನನಗೆ ಅದೇ ಹೆಚ್ಚು ಹೆದರಿಕೆ. ಯಾರೋ ಸಾಲ ತೀರಿಸಿ ಹೋಗಿರುತ್ತಾರೆ, ನಾವು ಪುಸ್ತಕದಲ್ಲಿ ಹೊಡೆದುಹಾಕಿರುವುದಿಲ್ಲ. ಮುಂದಿನ ತಿಂಗಳು ಅವರನ್ನು ಎಲ್ಲರೆದುರು ಮತ್ತೆ ಕೇಳುತ್ತೇವೆ. ಕಾಫಿ ತೋಟದಿಂದ ವಾರದ ಬಟವಾಡೆ ತಂದು ಮೊದಲು ನಮ್ಮ ಬಾಕಿ ಕೊಟ್ಟುಹೋಗುವ ಹೆಂಗಸರಿದ್ದಾರೆ. ಅವರನ್ನು ಎರಡು ಸಲ ಕೇಳಿದರೆ ಹೇಗಿರುತ್ತದೆ ಹೇಳು? ಅದಕ್ಕೇ ಹೆಚ್ಚು ಬಂದ ಹಣವನ್ನು ಒಂದು ಲಕೋಟೆಯಲ್ಲಿ ಹಾಕಿ ಮೇಲೆ ತಾರೀಖು, ಮೊತ್ತ ಬರೆದಿಡು. ನಿನ್ನೆಯ ಕೊರತೆಯನ್ನು ಇವತ್ತಿನ ಹೆಚ್ಚಿನಿಂದ ತುಂಬಲೇಬೇಡ. ನಿನ್ನ ಕೈಯಿಂದ ಹಾಕಿ ಸರಿಮಾಡುವುದಂತೂ ಕೂಡದು, ಹಾಗೆ ಮಾಡಿದರೆ ತಪ್ಪು ಎಲ್ಲಿತ್ತೆಂದು ಮತ್ತೆ ಯಾರಿಗೂ ಸಿಗುವುದಿಲ್ಲ.

ಎಲ್ಲ ತಾಳೆಯಾಯಿತು ಎಂದರೂ ಎಲ್ಲವೂ ಸರಿ ಎಂದಲ್ಲ. ಒಂದು ಕೆ.ಜಿ. ಸಕ್ಕರೆ ಕೊಟ್ಟು ಬಿಲ್ಲೂ ಬರೆಯದೆ ಹಣವೂ ತೆಗೆದುಕೊಳ್ಳದೆ ಕಳಿಸಿದ್ದರೆ ಈ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಅದು ತಿಳಿಯುವುದು ತಿಂಗಳಿಗೊಮ್ಮೆ ಸರಕು ಎಣಿಸಿದಾಗ. 1879ರಲ್ಲಿ ಅಮೆರಿಕದ ಡೇಟನ್ ಊರಿನ ಜೇಮ್ಸ್ ರಿಟ್ಟಿ ಎಂಬ ಹೆಂಡದಂಗಡಿಯವನು ಕೆಲಸದವರ ಮೇಲಿನ ಗುಮಾನಿಯಿಂದಲೇ ಗಲ್ಲಾ ಯಂತ್ರ ಕಂಡುಹಿಡಿದನಂತೆ. ಗುಂಡಿ ಒತ್ತದೆ ಕೊಟ್ಟ ಸಾಮಾನು ಆ ಯಂತ್ರಕ್ಕೂ ತಿಳಿಯದು!

ಕೊನೆಯಲ್ಲಿ 1,000 ರೂಪಾಯಿ ಚಿಲ್ಲರೆಯನ್ನು ನಾಳೆಗೆಂದು ಬೇರೆ ಡಬ್ಬಿಯಲ್ಲಿಟ್ಟು, ಮಿಕ್ಕಿದ್ದನ್ನು ಬಟ್ಟೆ ಚೀಲಕ್ಕೆ ಹಾಕಿ ಎಣಿಕೆಯ ಚೀಟಿಯೊಂದಿಗೆ ನನ್ನ ಕೈಗೆ ಕೊಡು. ನಾನು ನಿನ್ನೆದುರೇ ಇನ್ನೊಮ್ಮೆ ಎಣಿಸುತ್ತೇನೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಚೀಟಿಗೆ ಇಬ್ಬರೂ ರುಜು ಹಾಕೋಣ, ಒಂದು ನಿನ್ನ ಹತ್ತಿರವೂ ಇರಲಿ. ಕೊರತೆ ಬಂದು ಹತ್ತು ನಿಮಿಷ ಹುಡುಕಿದರೂ ಸಿಗದಿದ್ದರೆ "ಕೊರತೆ ಇಷ್ಟು" ಎಂದು ಪುಸ್ತಕದಲ್ಲಿ ಬರೆದು ಮನೆಗೆ ಹೋಗು, ಕತ್ತಲಾಗಿರುತ್ತದೆ, ನಿಮ್ಮಮ್ಮ ಕಾಯುತ್ತಿರುತ್ತಾರೆ. ಮಿಕ್ಕದ್ದನ್ನು ಬೆಳಗ್ಗೆ ಇಬ್ಬರೂ ಕೂತು ಹುಡುಕೋಣ.