ಕುರ್ಚಿ ಬಿಡುವ ಮುನ್ನ ಬರೆದಿಡಬೇಕಾದದ್ದು

ಕಂಪನಿಯ ಅಕೌಂಟ್ಸ್ ಆಫೀಸರ್ ಕೆಲಸ ಬಿಟ್ಟು ಹೊರಡುವಾಗ ಮುಂದೆ ಬರುವವರಿಗೆಂದು ಒಂದು ನೋಟ್ ಬರೆದುಕೊಟ್ಟು ಹೋಗುತ್ತಾರೆ. ಬಾಕಿ ಕೆಲಸ, ಕೊನೆಯ ದಿನಾಂಕ, ತಿಂಗಳು ತಿಂಗಳೂ ಮಾಡುವ ಕೆಲಸ, ಯಾರನ್ನು ಸಂಪರ್ಕಿಸಬೇಕು ಎಂಬ ನಾಲ್ಕು ಭಾಗ ಸಾಮಾನ್ಯವಾಗಿ ಅದರಲ್ಲಿರುತ್ತದೆ. ‘ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕು, ಪಿಎಫ್ ಕಟ್ಟಬೇಕು, ಬ್ಯಾಂಕ್ ತಾಳೆ ನೋಡಬೇಕು’ ಎಂದಷ್ಟೇ ಬರೆದ ನೋಟ್‌ನಿಂದ ಹೊಸಬರಿಗೆ ಉಪಯೋಗವಿಲ್ಲ. ಲೆಕ್ಕ ಬಲ್ಲ ಯಾರಿಗಾದರೂ ಇವು ಗೊತ್ತೇ ಇರುತ್ತವೆ. ಅವರಿಗೆ ಬೇಕಾದದ್ದು, ಅರ್ಧಕ್ಕೆ ನಿಂತ ಕೆಲಸ ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂಬ ಮಾಹಿತಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಂಪನಿ. ಅಲ್ಲಿನ ಅಕೌಂಟ್ಸ್ ಆಫೀಸರ್‌ಗೆ ಸೆಪ್ಟೆಂಬರ್ 12 ಕೊನೆಯ ದಿನ. ಆಗಸ್ಟ್ ತಿಂಗಳ ಟಿಡಿಎಸ್ ಅನ್ನು 7ನೇ ತಾರೀಕಿಗೇ ಕಟ್ಟಿದ್ದಾರೆ, ಮಾರಾಟದ ವಿವರ ಕೊಡುವ GSTR-1 ಅನ್ನು 11ಕ್ಕೆ ಸಲ್ಲಿಸಿದ್ದಾರೆ. 15ಕ್ಕೆ ಪಿಎಫ್, ಇಎಸ್‌ಐ ಕಟ್ಟಬೇಕು. ಅದೇ ದಿನ ಆದಾಯ ತೆರಿಗೆಯ ಮುಂಗಡ ಕಂತು ಕೂಡ. ವರ್ಷದ ಅಂದಾಜು ತೆರಿಗೆಯಲ್ಲಿ ಅಲ್ಲಿಗೆ ಒಟ್ಟು ನೂರಕ್ಕೆ 45ರಷ್ಟು ಕಟ್ಟಿರಬೇಕು. 20ಕ್ಕೆ GSTR-3B. ಹೊಸಬರು ಬಂದು ಕೂರುವ ಮೊದಲ ವಾರದಲ್ಲೇ ಇಷ್ಟೂ ಮೈಮೇಲೆ ಬೀಳುತ್ತದೆ.

ಇದರಲ್ಲಿ GSTR-3B ಒಂದನ್ನೇ ಬಿಡಿಸಿ ನೋಡೋಣ. ಕಂಪನಿ ಆಗಸ್ಟ್‌ನಲ್ಲಿ ಒಬ್ಬ ಸಪ್ಲೈಯರ್‌ನಿಂದ 4 ಲಕ್ಷ ರೂಪಾಯಿಯ ಮಾಲು ತರಿಸಿದೆ, ಮೇಲೆ ಶೇ 18ರಂತೆ 72,000 ರೂಪಾಯಿ ಜಿಎಸ್‌ಟಿ. ಆ 72,000ವನ್ನು ಕಂಪನಿ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ಸಪ್ಲೈಯರ್ ತನ್ನ GSTR-1ರಲ್ಲಿ ಆ ಬಿಲ್ ತೋರಿಸಿ, ಅದು ಕಂಪನಿಯ GSTR-2Bಯಲ್ಲಿ ಕಾಣಿಸಿಕೊಂಡರೆ ಮಾತ್ರ. ಈ ಸಪ್ಲೈಯರ್ ಇನ್ನೂ ತೋರಿಸಿಲ್ಲ. ಹಾಗಾಗಿ ಹಳೆಯ ಅಧಿಕಾರಿ ಮಾಲಿನ ಹಣ ಕೊಟ್ಟು, ತೆರಿಗೆಯ 72,000 ಮಾತ್ರ ತಡೆಹಿಡಿದಿದ್ದಾರೆ. ಇದು ಲೆಡ್ಜರ್‌ನಲ್ಲಿ ಕಾಣುವುದು ಬರೀ ಬಾಕಿ ಎಂದು. ಹೊಸಬರು ಬಂದ ಮೂರನೇ ದಿನ ಸಪ್ಲೈಯರ್ ಕಡೆಯವರು ಫೋನ್ ಮಾಡಿ, ‘ಸಾರ್, ಒಂದು ತಿಂಗಳಿಂದ ನಮ್ಮ ಚಿಲ್ಲರೆ ಬಾಕಿ ಹಾಗೇ ಉಳಿದಿದೆ, ಕಳಿಸಿಬಿಡಿ’ ಎಂದರೆ ಅವರು ಕಳಿಸಿಯೇ ಬಿಡುತ್ತಾರೆ. ಆಮೇಲೆ ಬಿಲ್ ಅನ್ನು ಪೋರ್ಟಲ್‌ಗೆ ಹಾಕಿಸಲು ಕೈಯಲ್ಲಿ ಯಾವ ಹಿಡಿತವೂ ಇರುವುದಿಲ್ಲ.

ನೋಟ್‌ನಲ್ಲಿ ‘ಸಪ್ಲೈಯರ್ ಬಾಕಿ ಇದೆ, ನೋಡಿ’ ಎಂದು ಬರೆದರೆ ಸಾಲದು. ಬಿಲ್ ನಂಬರ್, ದಿನಾಂಕ, ತಡೆಹಿಡಿದ ಮೊತ್ತ, ಸಪ್ಲೈಯರ್ ಕಡೆ ಯಾರ ಜೊತೆ ಯಾವತ್ತು ಮಾತಾಡಿದ್ದು, ಅವರು ಏನು ಹೇಳಿದರು, GSTR-2Bಯಲ್ಲಿ ಕಂಡ ಮೇಲಷ್ಟೇ ಹಣ ಬಿಡಬೇಕು ಎಂಬ ತೀರ್ಮಾನ, ಇವೆಲ್ಲ ಇರಬೇಕು. ಹಾಗೆ ಬರೆದರೆ ನಾಲ್ಕೇ ಸಾಲು, 72,000 ಉಳಿಯುತ್ತದೆ.

ಪುಸ್ತಕದಲ್ಲೇ ಇಲ್ಲದ ಬಾಧ್ಯತೆ ಇನ್ನೂ ಅಪಾಯಕಾರಿ. ಬ್ಯಾಂಕ್ ಗ್ಯಾರಂಟಿ ಅಂಥದ್ದು. ದೊಡ್ಡ ಗ್ರಾಹಕರಿಂದ ಆರ್ಡರ್ ಪಡೆಯುವಾಗ, ಕೆಲಸ ಸರಿಯಾಗಿ ಮುಗಿಸುತ್ತೇವೆ ಎಂಬುದಕ್ಕೆ ಕಂಪನಿ ತನ್ನ ಬ್ಯಾಂಕಿನಿಂದ ಗ್ಯಾರಂಟಿ ಕೊಡಿಸಿರುತ್ತದೆ. ಅದಕ್ಕೆ ಬ್ಯಾಂಕ್ ಒಂದಿಷ್ಟು ಹಣವನ್ನು ಎಫ್‌ಡಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ. ಲೆಡ್ಜರ್ ತೆರೆದರೆ ಎಫ್‌ಡಿ ಮಾತ್ರ ಕಾಣುತ್ತದೆ, ಗ್ಯಾರಂಟಿ ಕಾಣುವುದಿಲ್ಲ. ಗ್ಯಾರಂಟಿಯ ಅವಧಿ ನವೆಂಬರ್‌ಗೆ ಮುಗಿಯುತ್ತಿದ್ದು ಕೆಲಸ ಇನ್ನೂ ಬಾಕಿ ಇದ್ದರೆ, ‘ಅವಧಿ ವಿಸ್ತರಿಸಿ, ಇಲ್ಲವೇ ಹಣ ಕೊಡಿ’ ಎಂದು ಗ್ರಾಹಕರು ನೇರವಾಗಿ ಬ್ಯಾಂಕಿಗೇ ಬರೆಯುತ್ತಾರೆ. ಷರತ್ತಿಲ್ಲದ ಗ್ಯಾರಂಟಿಯಾದರೆ ಬ್ಯಾಂಕ್ ತಪ್ಪು ಯಾರದ್ದೆಂದು ಕೇಳುತ್ತಾ ಕೂರುವುದಿಲ್ಲ. ಹಣ ಕೊಟ್ಟು ಕಂಪನಿಯಿಂದ ವಸೂಲು ಮಾಡುತ್ತದೆ. ಅರ್ಜಿ, ಛಾಪಾ ಕಾಗದ, ಸಹಿ ಎಂದು ವಿಸ್ತರಣೆಗೂ ಸಮಯ ಹಿಡಿಯುತ್ತದೆ. ಆದ್ದರಿಂದ ಗ್ಯಾರಂಟಿ ನಂಬರ್, ಮೊತ್ತ, ಅವಧಿ ಮುಗಿಯುವ ದಿನ, ಹಣ ಕೇಳಲು ಗ್ರಾಹಕರಿಗಿರುವ ಕೊನೆಯ ದಿನ, ಅದಕ್ಕೆ ಅಂಟಿಕೊಂಡ ಎಫ್‌ಡಿ ಯಾವುದು, ವಿಸ್ತರಣೆಯ ಕೆಲಸ ಯಾವತ್ತು ಶುರು ಮಾಡಬೇಕು ಎಂಬುದನ್ನು ನೋಟ್‌ನ ಮೊದಲ ಪುಟದಲ್ಲೇ ಬರೆಯುವುದು ಒಳ್ಳೆಯದು.

ಪ್ರತಿ ತಿಂಗಳ ಕೆಲಸಗಳ ಪಟ್ಟಿಯಲ್ಲಿ ಕಾನೂನಿನ ದಿನಾಂಕದ ಪಕ್ಕ ಇನ್ನೊಂದು ದಿನಾಂಕ ಇರಬೇಕು: ಅದಕ್ಕೆ ಬೇಕಾದ ಮಾಹಿತಿ ಕೈಸೇರಬೇಕಾದ ದಿನ. ಪಿಎಫ್ ಕಟ್ಟಲು 15ರವರೆಗೆ ಸಮಯವಿದ್ದರೂ ಹಾಜರಿ ಪಟ್ಟಿ 3ನೇ ತಾರೀಕಿಗೆ ಬಾರದಿದ್ದರೆ ಎಲ್ಲವೂ ಮುಂದಕ್ಕೆ ಹೋಗುತ್ತದೆ. ಟಿಡಿಎಸ್‌ನಲ್ಲಂತೂ ಒಂದು ದಿನ ತಡವಾದರೂ ಭಾರ. ಆಗಸ್ಟ್ 25ರಂದು ಕಡಿತ ಮಾಡಿದ 1 ಲಕ್ಷ ರೂಪಾಯಿಯನ್ನು ಸೆಪ್ಟೆಂಬರ್ 7ರ ಬದಲು 8ಕ್ಕೆ ಕಟ್ಟಿದರೆ ಬಡ್ಡಿ ಒಂದು ದಿನದ್ದಲ್ಲ. ಕಡಿತ ಮಾಡಿದ ದಿನದಿಂದ ಲೆಕ್ಕ ಹಿಡಿದು, ಆಗಸ್ಟ್ ಒಂದು ತಿಂಗಳು, ಸೆಪ್ಟೆಂಬರ್ ಒಂದು ತಿಂಗಳು ಎಂದು ತಿಂಗಳಿಗೆ ಒಂದೂವರೆಯಂತೆ ಶೇ 3, ಅಂದರೆ 3,000 ರೂಪಾಯಿ ಕೇಳುವ ನೋಟಿಸ್ ಬರುತ್ತದೆ.

ಸಂಪರ್ಕಗಳ ವಿಷಯಕ್ಕೆ ಬಂದರೆ, ಹೆಸರು ಮತ್ತು ನಂಬರ್ ಫೋನಿನಲ್ಲೇ ಸಿಗುತ್ತವೆ. ಯಾವ ಕೆಲಸಕ್ಕೆ ಯಾರು ಎಂಬುದು ಸಿಗುವುದಿಲ್ಲ. ಬ್ಯಾಂಕ್ ಶಾಖೆಯಲ್ಲಿ ಗ್ಯಾರಂಟಿ ನೋಡುವವರು ಬೇರೆ, ಚಾಲ್ತಿ ಖಾತೆ ನೋಡುವವರು ಬೇರೆ. ಆಡಿಟರ್ ಕಚೇರಿಯಲ್ಲಿ ನಮ್ಮ ಫೈಲ್ ಇಟ್ಟುಕೊಂಡಿರುವ ಹುಡುಗ ಯಾರು, ಸ್ಟೋರ್ಸ್‌ನಲ್ಲಿ ಹಳೆಯ ಡೆಲಿವರಿ ಚಲನ್ ಹುಡುಕಿ ಕೊಡುವವರು ಯಾರು ಎಂದು ಬರೆದಿಟ್ಟರೆ ಹೊಸಬರ ಎಷ್ಟೋ ಅಲೆದಾಟ ತಪ್ಪುತ್ತದೆ.

ನೋಟ್ ಎಷ್ಟೇ ಚೆನ್ನಾಗಿದ್ದರೂ ಒಟಿಪಿ ಹೋದವರ ಮೊಬೈಲಿಗೆ ಬರುತ್ತಿದ್ದರೆ ಕೆಲಸ ನಿಲ್ಲುತ್ತದೆ. ಜಿಎಸ್‌ಟಿ, ಆದಾಯ ತೆರಿಗೆ, ಪಿಎಫ್, ನೆಟ್ ಬ್ಯಾಂಕಿಂಗ್, ಹೀಗೆ ಪ್ರತಿಯೊಂದರಲ್ಲೂ ಯಾರ ಮೊಬೈಲ್, ಯಾರ ಇ-ಮೇಲ್ ನೋಂದಣಿಯಾಗಿದೆ ಎಂದು ನೋಡಿ, ಅಧಿಕಾರಿ ಕಚೇರಿಯಲ್ಲಿ ಇರುವಾಗಲೇ ಬದಲಿಸಿಬಿಡಬೇಕು. ಪಾಸ್‌ವರ್ಡ್‌ಗಳನ್ನು ನೋಟ್‌ನಲ್ಲಿ ಬರೆಯಬಾರದು. ಹೊಸಬರು ಎದುರಿಗೇ ಕುಳಿತು ಹೊಸದಾಗಿ ಇಟ್ಟುಕೊಳ್ಳಲಿ. ಡಿಜಿಟಲ್ ಸಹಿಯ ಟೋಕನ್ ಅನ್ನು ಪಿನ್ ಸಮೇತ ಹಸ್ತಾಂತರಿಸುವ ರೂಢಿ ಕೆಲವೆಡೆ ಇದೆ, ಅದು ತಪ್ಪು. ಆ ಸಹಿ ಒಬ್ಬ ವ್ಯಕ್ತಿಯದ್ದು, ಹುದ್ದೆಯದ್ದಲ್ಲ. ಬಿಟ್ಟು ಹೋದವರ ಹೆಸರಿನಲ್ಲಿ ಆಮೇಲೆ ರಿಟರ್ನ್ ಸಲ್ಲಿಕೆಯಾದರೆ ಉತ್ತರ ಹೇಳಬೇಕಾದವರು ಅವರೇ.

ಕಂಪನಿ ನಡೆಸುವವರಲ್ಲಿ ಒಂದು ಮನವಿ. ರಾಜೀನಾಮೆ ಪತ್ರ ಕೈಸೇರಿದ ವಾರವೇ ಈ ನೋಟ್‌ನ ಮೊದಲ ಕರಡು ಕೇಳಿ, ಕೊನೆಯ ದಿನದವರೆಗೆ ಕಾಯಬೇಡಿ. ಸಾಧ್ಯವಾದರೆ ಒಂದು ತಿಂಗಳ ರಿಟರ್ನ್‌ಗಳನ್ನು ಹೊಸಬರೇ ಮಾಡಲಿ, ಹಳಬರು ಪಕ್ಕದಲ್ಲಿ ಕುಳಿತು ನೋಡಲಿ. ನೋಟ್‌ನಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಆಗಲೇ ಗೊತ್ತಾಗುತ್ತದೆ, ಕೇಳಲು ಬರೆದವರೂ ಎದುರಿಗೇ ಇರುತ್ತಾರೆ.