ಜೋಲನ್ನು ಎಲ್ಲಿಂದ ಅಳೆಯಬೇಕು?

ಅಂಗಳದಲ್ಲಿ ಒಂದು ಹಗ್ಗ. ಒಂದು ತುದಿಯನ್ನು ತೆಂಗಿನ ಮರಕ್ಕೆ ಎದೆಮಟ್ಟದಲ್ಲಿ ಕಟ್ಟಿದೆ, ಇನ್ನೊಂದನ್ನು ಮಾಡಿನ ಜಂತಿಗೆ. ನಡುವೆ ಮೂರು ಬಾಳೆಗೊನೆ ತೂಗುಹಾಕಿದರೆ ಹಗ್ಗ ಕಮಾನಿನಂತೆ ಬಳುಕುವುದಿಲ್ಲ. ಒಂದೊಂದು ಗೊನೆಯ ಬಳಿ ಮುರಿದು, ನಾಲ್ಕು ನೇರ ತುಂಡುಗಳಾಗಿ ನಿಲ್ಲುತ್ತದೆ.

ತೂಗುಸೇತುವೆಯ ಕೇಬಲ್ ಕೂಡ ಹೀಗೆಯೇ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನ ಬಳಿ ಪಯಸ್ವಿನಿ ನದಿಗೆ ಕಟ್ಟಿದಂಥ ಸೇತುವೆಗಳಲ್ಲಿ ನಡೆಯುವ ಹಲಗೆಯ ಭಾರ ಸಾಲುಸಾಲು ಸರಳುಗಳ ಮೂಲಕ ಮೇಲಿನ ಕೇಬಲ್‌ಗೆ ಏರುತ್ತದೆ. ಪ್ರತಿ ಸರಳೂ ಒಂದು ಗೊನೆಯಿದ್ದಂತೆ.

ಕೇಬಲ್‌ನ ಎರಡೂ ತುದಿ ಒಂದೇ ಮಟ್ಟದಲ್ಲಿದ್ದರೆ ಲೆಕ್ಕ ಸುಲಭ. ಒಂದು ದಡ ಎತ್ತರ, ಇನ್ನೊಂದು ತಗ್ಗು ಎಂದಾಗಲೇ ಎಡವಟ್ಟು ಶುರು.

ಉದಾಹರಣೆಗೆ 40 ಮೀಟರ್ ಅಗಲದ ಒಂದು ಹಳ್ಳ. ಬಲದಡದ ಕಂಬದ ತುದಿ ಎಡದಡದ್ದಕ್ಕಿಂತ 4 ಮೀಟರ್ ಮೇಲಿದೆ. ಎಡದಿಂದ 10 ಮೀಟರಿನಲ್ಲಿ 300 ಕೆಜಿ, 20ರಲ್ಲಿ 400, 30ರಲ್ಲಿ 100 ಕೆಜಿ ತೂಗುತ್ತಿವೆ. ನಡುವಿನ ಭಾರದ ಬಳಿ ಜೋಲು 3 ಮೀಟರ್ ಇರಲಿ ಎಂದು ಕಟ್ಟುವವರು ನಿರ್ಧರಿಸಿದ್ದಾರೆ.

ಎಂಜಿನಿಯರು ಮೊದಲು ಕೇಬಲನ್ನೇ ಮರೆಯುತ್ತಾರೆ. ಅದರ ಜಾಗದಲ್ಲಿ ಎರಡು ತುದಿಗೂ ಆನಿಸಿಟ್ಟ ಒಂದು ಮಟ್ಟಸ ತೊಲೆಯನ್ನು ಊಹಿಸಿ, ಅದೇ ಭಾರಗಳನ್ನು ಅದರ ಮೇಲಿಡುತ್ತಾರೆ. ಸನ್ನೆಕೋಲಿನ ನಿಯಮದಂತೆ ಎಡತುದಿಗೆ 450 ಕೆಜಿ, ಬಲತುದಿಗೆ 350 ಕೆಜಿ ಹಂಚಿಕೆಯಾಗುತ್ತದೆ. ಇದರಿಂದ ತೊಲೆಯನ್ನು ಬಗ್ಗಿಸುವ ಬಲ, ಅಂದರೆ ಬೆಂಡಿಂಗ್ ಮೊಮೆಂಟ್, ಮೂರು ಭಾರಗಳ ಕೆಳಗೆ ಕ್ರಮವಾಗಿ 4500, 6000, 3500 ಕೆಜಿ-ಮೀಟರ್ ಎಂದು ಸಿಗುತ್ತದೆ.

ತೊಲೆಯಾದರೆ ಇದನ್ನು ತನ್ನ ಗಟ್ಟಿತನದಿಂದ ತಡೆಯುತ್ತದೆ. ಕೇಬಲ್‌ಗೆ ಆ ಗಟ್ಟಿತನವಿಲ್ಲ; ಅದಕ್ಕಿರುವ ಉಪಾಯ ಕೆಳಗೆ ಜೋಲುವುದು, ಜೋಲಿದಷ್ಟು ದೂರದಿಂದ ಅಡ್ಡಕ್ಕೆ ಎಳೆದು ಹಿಡಿಯುವುದು. ಅಡ್ಡ ಎಳೆತವನ್ನು ಜೋಲಿನಿಂದ ಗುಣಿಸಿದರೆ ಆ ಮೊಮೆಂಟೇ ಬರಬೇಕು. ನಡುವೆ 6000ವನ್ನು 3ರಿಂದ ಭಾಗಿಸಿದರೆ ಅಡ್ಡ ಎಳೆತ 2000 ಕೆಜಿ. ಭಾರಗಳೆಲ್ಲ ನೇರ ಕೆಳಕ್ಕೆ ತೂಗುವುದರಿಂದ ಇದು ಕೇಬಲ್‌ನ ಉದ್ದಕ್ಕೂ ಒಂದೇ. ಹಾಗಾಗಿ ಮೊದಲ ಭಾರದ ಬಳಿ ಜೋಲು 2.25 ಮೀಟರ್, ಮೂರನೆಯದರ ಬಳಿ 1.75 ಮೀಟರ್.

ಈ ಜೋಲನ್ನು ಅಳೆಯಬೇಕಾದದ್ದು ಎರಡು ಕಂಬಗಳ ತುದಿಗಳನ್ನು ನೇರ ಸೇರಿಸುವ ಓರೆಗೆರೆಯಿಂದ, ನೇರ ಕೆಳಕ್ಕೆ. ಆ ಗೆರೆ ಪ್ರತಿ 10 ಮೀಟರಿಗೆ 1 ಮೀಟರ್ ಏರುತ್ತದೆ. ಹೀಗಾಗಿ ಎಡಕಂಬದ ತುದಿಗೆ ಹೋಲಿಸಿದರೆ ಮೊದಲ ಭಾರ 1.25 ಮೀಟರ್ ಕೆಳಗಿದೆ, ನಡುವಿನದು 1 ಮೀಟರ್ ಕೆಳಗಿದೆ, ಮೂರನೆಯದು 1.25 ಮೀಟರ್ ಮೇಲಿದೆ. ಜೋಲು ಹೆಚ್ಚಿರುವುದು ನಡುವಿನಲ್ಲಿ, ಆದರೆ ಕೇಬಲ್ ಅತಿ ತಗ್ಗಿನಲ್ಲಿರುವುದು ಮೊದಲ ಭಾರದ ಬಳಿ. ಕಣ್ಣು ಮೋಸಹೋಗುವುದು ಇಲ್ಲೇ. ಎತ್ತರದ ಕಂಬದ ಮಟ್ಟದಿಂದ ಅಳೆದವರಿಗೆ ನಡುವಿನ ಜೋಲು 5 ಮೀಟರ್ ಎಂದು ಕಾಣುತ್ತದೆ. ಅವರ ಲೆಕ್ಕದಲ್ಲಿ ಅಡ್ಡ ಎಳೆತ ಬರೀ 1200 ಕೆಜಿ. ಆ ಲೆಕ್ಕ ನಂಬಿ ತಂದ ಕೇಬಲ್ ಮೇಲೆ ನಿಜವಾಗಿ ಬೀಳುವುದು 2000 ಕೆಜಿ.

ತುಂಡು ಹೆಚ್ಚು ಕಡಿದಾಗಿದ್ದಷ್ಟೂ ಅದರ ಎಳೆತ ಹೆಚ್ಚು. ಅಡ್ಡ ಎಳೆತವನ್ನು ಇಳಿಜಾರಿನಿಂದ ಗುಣಿಸಿದರೆ ನೇರ ಎಳೆತ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಆ ತುಂಡಿನ ಪೂರ್ತಿ ಎಳೆತ. ಎಡದಿಂದ ಸಾಲಾಗಿ ಅವು ಸುಮಾರು 2016, 2001, 2050, 2074 ಕೆಜಿ. ಅತಿ ಹೆಚ್ಚಿನದು ಎತ್ತರದ ಕಂಬದ ಪಕ್ಕದಲ್ಲಿ. ಆ ಕಂಬ ಹೊರುವ ತೂಕವೂ ತೊಲೆಯ ಲೆಕ್ಕದ 350 ಅಲ್ಲ, 550 ಕೆಜಿ. ಮಟ್ಟದ ವ್ಯತ್ಯಾಸ 200 ಕೆಜಿಯನ್ನು ತಗ್ಗಿನ ಕಂಬದಿಂದ ತೆಗೆದು ಇದರ ತಲೆಗೆ ಕಟ್ಟಿದೆ.

ಸ್ಥಳದಲ್ಲೇ ತಾಳೆ ನೋಡಲು ಒಂದು ದಾರಿಯಿದೆ. ನಡುವಿನ ಭಾರದ ಎಡಬಲಗಳಲ್ಲಿ ಮಟ್ಟಗೋಲು ಹಿಡಿದರೆ, ಒಂದು ಮೀಟರ್ ದೂರಕ್ಕೆ ಕೇಬಲ್ ಎಡಗಡೆ 2.5 ಸೆಂಟಿಮೀಟರ್, ಬಲಗಡೆ 22.5 ಸೆಂಟಿಮೀಟರ್ ಏರಿರಬೇಕು. ವ್ಯತ್ಯಾಸ 20 ಸೆಂಟಿಮೀಟರ್, ಅಂದರೆ 0.2. ತೂಗುತ್ತಿರುವ 400 ಕೆಜಿಯನ್ನು ಅದರಿಂದ ಭಾಗಿಸಿದರೆ ಮತ್ತೆ 2000. ವ್ಯತ್ಯಾಸ 10 ಸೆಂಟಿಮೀಟರ್ ಮಾತ್ರ ಬಂದರೆ ಕೇಬಲ್ ಇಮ್ಮಡಿ ಬಿಗಿಯಾಗಿದೆ ಎಂದರ್ಥ.

ಈ ಲೆಕ್ಕ ಕೇಬಲ್‌ನ ಸ್ವಂತ ತೂಕವನ್ನು ಬಿಟ್ಟಿದೆ, ಅದು ಹಿಗ್ಗುವುದನ್ನೂ ಬಿಟ್ಟಿದೆ. ಹಿಗ್ಗನ್ನು ಸಣ್ಣದೆನ್ನುವಂತಿಲ್ಲ. ತುದಿಯಿಂದ ತುದಿಗೆ ನೇರ ದೂರ 40.2 ಮೀಟರ್, ಮೂರು ಮೀಟರ್ ಜೋಲಿಗೆ ಬೇಕಾದ ಕೇಬಲ್ 40.7 ಮೀಟರ್. ಹೆಚ್ಚಿನದು ಬರೀ ಅರ್ಧ ಮೀಟರ್! ಭಾರಕ್ಕೋ ಬಿಸಿಲಿಗೋ ಕೇಬಲ್ ಇನ್ನು 10 ಸೆಂಟಿಮೀಟರ್ ಉದ್ದವಾದರೆ ನಡುವಿನ ಜೋಲು ಸುಮಾರು 30 ಸೆಂಟಿಮೀಟರ್ ಇಳಿಯುತ್ತದೆ. ಅದಕ್ಕೇ ಕೇಬಲ್‌ನ ತುದಿಗೆ ತಿರುಗಿಸಿ ಬಿಗಿ ಮಾಡುವ ಟರ್ನ್‌ಬಕಲ್ ಹಾಕುತ್ತಾರೆ, ಭಾರ ಏರಿಸಿದ ಮೇಲೆ ಜೋಲನ್ನು ಓರೆಗೆರೆಯಿಂದ ಮತ್ತೊಮ್ಮೆ ಅಳೆಯುತ್ತಾರೆ.