ಸೋಮವಾರ 11, ಬುಧವಾರ 9

ಖಿನ್ನತೆ ಇದೆಯೇ ಎಂದು ತಿಳಿಯಲು ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ರೋಗಿಯ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರ ಹೆಸರು ಪಿಎಚ್‌ಕ್ಯೂ-9. ಅದರಲ್ಲಿರುವುದು ಒಂಬತ್ತೇ ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಹುಟ್ಟದೆ ಹೋಯಿತೇ, ಮನಸ್ಸು ಕುಗ್ಗಿತ್ತೇ, ನಿದ್ದೆ ಕೆಟ್ಟಿತೇ, ಸುಸ್ತಾಗುತ್ತಿತ್ತೇ, ಹಸಿವು ಏರುಪೇರಾಯಿತೇ ಎಂದು ಅದು ಕೇಳುತ್ತಾ ಹೋಗುತ್ತದೆ. ಒಂದು ದಿನವೂ ಇಲ್ಲದಿದ್ದರೆ 0, ಕೆಲವು ದಿನ ಇದ್ದರೆ 1, ಅರ್ಧಕ್ಕಿಂತ ಹೆಚ್ಚು ದಿನ ಇದ್ದರೆ 2, ಹೆಚ್ಚುಕಡಿಮೆ ದಿನವೂ ಇದ್ದರೆ 3. ಎಲ್ಲ ಕೂಡಿದರೆ 0ರಿಂದ 27ರೊಳಗೆ ಒಂದು ಅಂಕ ಬರುತ್ತದೆ. 10 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ವೈದ್ಯರು ಕೂರಿಸಿ ವಿಚಾರಿಸಬೇಕು ಎಂಬುದು ರೂಢಿ.

42 ವರ್ಷದ ಶಾಲಾ ಶಿಕ್ಷಕಿಯೊಬ್ಬರು ಸೋಮವಾರ ಈ ಹಾಳೆ ತುಂಬಿದರು ಎಂದಿಟ್ಟುಕೊಳ್ಳೋಣ. ನಿದ್ದೆಗೆ 3, ಸುಸ್ತಿಗೆ 3, ಹಸಿವಿಗೆ 2, ಏಕಾಗ್ರತೆಗೆ 2, ಕುಗ್ಗಿದ ಮನಸ್ಸಿಗೆ 1, ಒಟ್ಟು 11. ಬುಧವಾರ ಇನ್ನೊಮ್ಮೆ ತುಂಬಿಸಿದಾಗ ಹಸಿವು, ಏಕಾಗ್ರತೆಗಳಿಗೆ ತಲಾ 1 ಗುರುತಿಸಿದರು. ಉಳಿದದ್ದು ಮೊದಲಿನಂತೆಯೇ. ಒಟ್ಟು 9. ಎರಡು ದಿನದಲ್ಲಿ ಅವರು ಗೆರೆಯ ಆಚೆಯಿಂದ ಈಚೆಗೆ ಬಂದುಬಿಟ್ಟರು. ಹಾಗಾದರೆ ಖಿನ್ನತೆ ಇದ್ದದ್ದು ಹೋಯಿತೇ? ಅಥವಾ ಮೊದಲೇ ಇರಲಿಲ್ಲವೇ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಶಾಸ್ತ್ರ ಮನೋವಿಜ್ಞಾನದಲ್ಲಿ ನೂರು ವರ್ಷಕ್ಕೂ ಹಳೆಯದು. ಅದು ಯಾವುದೇ ಪರೀಕ್ಷೆಯನ್ನು ಎರಡು ಕಡೆಯಿಂದ ನೋಡುತ್ತದೆ. ಅಳತೆ ಸ್ಥಿರವಾಗಿದೆಯೇ ಎಂಬುದು ವಿಶ್ವಾಸಾರ್ಹತೆ. ಅಳೆಯುತ್ತೇನೆ ಎಂದು ಹೇಳಿಕೊಂಡದ್ದನ್ನೇ ಅಳೆಯುತ್ತಿದೆಯೇ ಎಂಬುದು ಸಿಂಧುತ್ವ. ಟೇಪು ಹಿಡಿದು ಒಬ್ಬರ ತಲೆಯ ಸುತ್ತಳತೆ ನೋಡಿದರೆ ಇಂದೂ ನಾಳೆಯೂ ಒಂದೇ ಸಂಖ್ಯೆ ಬರುತ್ತದೆ. ಆ ಸಂಖ್ಯೆಯನ್ನೇ ಅವರ ಖಿನ್ನತೆಯ ಪ್ರಮಾಣ ಎಂದು ಬರೆದರೆ ಅಳತೆ ನಂಬಲರ್ಹವೇ, ಆದರೆ ಸಿಂಧುವಲ್ಲ. ಇದು ತಿರುಗುಮುರುಗಾಗಲು ಮಾತ್ರ ಸಾಧ್ಯವಿಲ್ಲ. ದಿನಕ್ಕೊಂದು ಉತ್ತರ ಕೊಡುವ ಅಳತೆಗೋಲು ಯಾವುದನ್ನೂ ಸರಿಯಾಗಿ ಅಳೆಯಲಾರದು.

ಪಿಎಚ್‌ಕ್ಯೂ-9ರ ಮೊದಲ ದೊಡ್ಡ ವರದಿಯನ್ನು ಕರ್ಟ್ ಕ್ರೋಂಕಿ, ರಾಬರ್ಟ್ ಸ್ಪಿಟ್ಜರ್ ಮತ್ತು ಜಾನೆಟ್ ವಿಲಿಯಮ್ಸ್ 2001ರಲ್ಲಿ ಪ್ರಕಟಿಸಿದರು. ಅಮೆರಿಕದ ಸಾಮಾನ್ಯ ಚಿಕಿತ್ಸಾಲಯಗಳ 3000 ರೋಗಿಗಳು ಮತ್ತು ಸ್ತ್ರೀರೋಗ-ಪ್ರಸೂತಿ ಚಿಕಿತ್ಸಾಲಯಗಳ 3000 ರೋಗಿಗಳು ಹಾಳೆ ತುಂಬಿದ್ದರು. ಇವರಲ್ಲಿ ಕೆಲವರಿಗೆ 48 ಗಂಟೆಯೊಳಗೆ ಮನೋಆರೋಗ್ಯ ತಜ್ಞರು ಫೋನ್ ಮಾಡಿ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. ಇದಕ್ಕೆ ಮರುಪರೀಕ್ಷೆ ಎನ್ನುತ್ತಾರೆ. ಮೊದಲ ಬಾರಿಯ ಅಂಕಗಳೂ ಎರಡನೆಯ ಬಾರಿಯವೂ ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಎಂಬುದನ್ನು ಸಹಸಂಬಂಧ ಎಂಬ ಸಂಖ್ಯೆ ಹೇಳುತ್ತದೆ. ಪೂರ್ತಿ ಹೊಂದಿಕೊಂಡರೆ 1, ಸಂಬಂಧವೇ ಇಲ್ಲದಿದ್ದರೆ 0. ಇಲ್ಲಿ ಬಂದದ್ದು 0.84.

ಎರಡು ಪರೀಕ್ಷೆಗಳ ನಡುವೆ ಎಷ್ಟು ಅಂತರ ಬಿಡಬೇಕು ಎಂಬುದು ಮರುಪರೀಕ್ಷೆಯ ಇಕ್ಕಟ್ಟಿನ ಜಾಗ. ಅರ್ಧ ಗಂಟೆ ಬಿಟ್ಟು ಕೇಳಿದರೆ ಜನ ತಮ್ಮ ಹಳೆಯ ಉತ್ತರವನ್ನು ನೆನಪಿನಿಂದ ಒಪ್ಪಿಸುತ್ತಾರೆ. ಆಗ ಪರೀಕ್ಷೆಯಾಗುವುದು ಹಾಳೆಯಲ್ಲ, ಜ್ಞಾಪಕಶಕ್ತಿ. ಎರಡು ತಿಂಗಳು ಬಿಟ್ಟರೆ ಮನಸ್ಸೇ ಬದಲಾಗಿರುತ್ತದೆ. ಅಂಕ ಇಳಿದರೆ ಅದು ಹಾಳೆಯ ದೋಷವೋ ರೋಗಿಯ ಚೇತರಿಕೆಯೋ ಗೊತ್ತಾಗುವುದಿಲ್ಲ. ಖಿನ್ನತೆಯಂಥ ಏರಿಳಿಯುವ ಸ್ಥಿತಿಗೆ ಕೆಲವು ದಿನಗಳ ಅಂತರ ಸಾಕು. ಬುದ್ಧಿಮಟ್ಟದಂಥ ನಿಧಾನಗತಿಯ ಗುಣಕ್ಕೆ ವಾರಗಟ್ಟಲೆ ಬಿಡಬಹುದು. ಆದರೆ ಅಲ್ಲಿ ಇನ್ನೊಂದು ತೊಡಕಿದೆ: ಒಮ್ಮೆ ಒಗಟು ಬಿಡಿಸಿದ ಮಗು ಎರಡನೆಯ ಸಲ ಬೇಗ ಬಿಡಿಸುತ್ತದೆ.

ಸಹಸಂಬಂಧಕ್ಕೂ ಒಂದು ಕುರುಡು ಇದೆ. ಎರಡನೆಯ ಬಾರಿ ಎಲ್ಲರ ಅಂಕವೂ ತಲಾ ಮೂರು ಏರಿದರೂ ಅದು 1 ಎಂದೇ ತೋರಿಸುತ್ತದೆ, ಏಕೆಂದರೆ ಯಾರು ಮುಂದೆ, ಯಾರು ಹಿಂದೆ ಎಂಬ ಕ್ರಮ ಹಾಗೆಯೇ ಉಳಿದಿರುತ್ತದೆ. ಹಾಗಾಗಿ ಜಾಣ ಸಂಶೋಧಕರು ಸರಾಸರಿಯನ್ನೂ ನೋಡುತ್ತಾರೆ. 2001ರ ಅಧ್ಯಯನದಲ್ಲಿ ಎರಡೂ ಬಾರಿಯ ಸರಾಸರಿ ಐದರ ಆಸುಪಾಸಿನಲ್ಲೇ ಇತ್ತು. ಸ್ವತಃ ತುಂಬಿದರೂ ಫೋನಿನಲ್ಲಿ ಹೇಳಿದರೂ ಅಂಕ ಒಟ್ಟಾರೆ ಜಾರಲಿಲ್ಲ.

0.84 ಎಂಬುದು ಒಳ್ಳೆಯ ಸಂಖ್ಯೆಯೇ. ಆದರೆ ಒಬ್ಬ ವ್ಯಕ್ತಿಯ ಮಟ್ಟಿಗೆ ಅದರ ಅರ್ಥವೇನು? ಇಲ್ಲಿ ಶಿಕ್ಷಕಿಯ ಲೆಕ್ಕಕ್ಕೆ ಮರಳಬೇಕು. ರೋಗಿಗಳ ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಚದುರಿರುತ್ತವೆ ಎಂಬುದನ್ನು ಸುಮಾರು 5 ಎಂದು ಹಿಡಿಯೋಣ. 1ರಿಂದ 0.84 ಕಳೆದರೆ 0.16, ಅದರ ವರ್ಗಮೂಲ 0.4, ಅದನ್ನು 5ರಿಂದ ಗುಣಿಸಿದರೆ 2. ಇದೇ ಒಂದು ಅಂಕದ ಹಿಂದೆ ಅಡಗಿರುವ ಅಳತೆಯ ದೋಷ. ಅಂದರೆ ಸೋಮವಾರದ 11ನ್ನು '9ರಿಂದ 13ರೊಳಗೆ ಎಲ್ಲೋ' ಎಂದು ಓದಬೇಕು, ಅದೂ ಮೂರರಲ್ಲಿ ಎರಡು ಸಲ ಮಾತ್ರ ಹೊಂದುವ ಮಾತು. ಬುಧವಾರದ 9ಕ್ಕೂ ಇದೇ ಸಡಿಲಿಕೆ ಇದೆ. ಎರಡು ದಿನದಲ್ಲಿ ಶಿಕ್ಷಕಿ ಗುಣವಾಗಲಿಲ್ಲ, ಹಾಳೆ ತನ್ನ ಸಹಜ ಅಲುಗಾಟವನ್ನು ತೋರಿಸಿತು ಅಷ್ಟೇ. ಚಿಕಿತ್ಸೆಯಿಂದ ನಿಜವಾದ ಬದಲಾವಣೆ ಆಗಿದೆ ಎನ್ನಲು 5 ಅಂಕದ ವ್ಯತ್ಯಾಸವಾದರೂ ಬೇಕು ಎಂದು ವೈದ್ಯರು ಹಿಡಿಯುವುದರ ಔಚಿತ್ಯ ಇಲ್ಲಿ ಕಾಣುತ್ತದೆ.

ಪ್ರತಿ ಸಲವೂ ರೋಗಿಯನ್ನು ಎರಡೆರಡು ಬಾರಿ ಹಿಡಿಯುವುದು ಕಷ್ಟ. ಆದ್ದರಿಂದ ಒಂದೇ ಸಲ ತುಂಬಿದ ಹಾಳೆಯಿಂದ ವಿಶ್ವಾಸಾರ್ಹತೆಯನ್ನು ಅಂದಾಜಿಸುವ ಇನ್ನೊಂದು ದಾರಿಯಿದೆ. ಒಂಬತ್ತೂ ಪ್ರಶ್ನೆಗಳು ಒಂದೇ ವಿಷಯದ ಸುತ್ತ ಇದ್ದರೆ ಒಂದಕ್ಕೆ ಹೆಚ್ಚು ಅಂಕ ಕೊಟ್ಟವರು ಉಳಿದವಕ್ಕೂ ಸಾಮಾನ್ಯವಾಗಿ ಹೆಚ್ಚು ಕೊಟ್ಟಿರಬೇಕು. ಇದು ಆಂತರಿಕ ಸುಸಂಗತತೆ. ಮೊದಮೊದಲು ಪರೀಕ್ಷೆಯನ್ನು ಎರಡು ಅರ್ಧ ಮಾಡಿ, ಸಮ ಸಂಖ್ಯೆಯ ಪ್ರಶ್ನೆಗಳನ್ನು ಬೆಸ ಸಂಖ್ಯೆಯವುಗಳೊಂದಿಗೆ ಹೋಲಿಸುತ್ತಿದ್ದರು. ಹೇಗೆ ಸೀಳಿದರೆ ಹಾಗೊಂದು ಉತ್ತರ ಬರುತ್ತಿತ್ತು. ಅಮೆರಿಕದ ಲೀ ಕ್ರೋನ್‌ಬಾಕ್ 1951ರಲ್ಲಿ ಬರೆದ ಲೇಖನ ಆಲ್ಫಾ ಎಂಬ ಒಂದೇ ಸಂಖ್ಯೆಯನ್ನು ಎಲ್ಲೆಡೆ ಬಳಕೆಗೆ ತಂದಿತು. ಪಿಎಚ್‌ಕ್ಯೂ-9ರ ಆಲ್ಫಾ ಸಾಮಾನ್ಯ ರೋಗಿಗಳಲ್ಲಿ 0.89, ಸ್ತ್ರೀರೋಗ ವಿಭಾಗದಲ್ಲಿ 0.86 ಇತ್ತು.

ಮನೋವಿಜ್ಞಾನದ ಪ್ರಬಂಧಗಳಲ್ಲಿ ಆಲ್ಫಾ 0.7 ದಾಟಿದರೆ ಸಾಕು, ಮಂಗಳಾರತಿ ಆದಂತೆ ಎಂಬ ಭಾವನೆ ಇದೆ. ಅದು ತಪ್ಪು. ಆಲ್ಫಾ ಎರಡು ವಿಷಯಗಳನ್ನು ಅವಲಂಬಿಸಿದೆ: ಪ್ರಶ್ನೆಗಳ ನಡುವಿನ ಸರಾಸರಿ ನಂಟು ಮತ್ತು ಪ್ರಶ್ನೆಗಳ ಸಂಖ್ಯೆ. ಒಂಬತ್ತು ಪ್ರಶ್ನೆಗಳ ನಡುವೆ ಸರಾಸರಿ ಸಹಸಂಬಂಧ 0.45 ಇದ್ದರೆ ಆಲ್ಫಾ ಸುಮಾರು 0.88 ಆಗುತ್ತದೆ. ಸರಿ. ಆದರೆ ಒಂದಕ್ಕೊಂದು ಹೆಚ್ಚು ಸಂಬಂಧವಿಲ್ಲದ, ಸರಾಸರಿ 0.10 ಮಾತ್ರ ನಂಟಿರುವ 40 ಪ್ರಶ್ನೆಗಳನ್ನು ಗುಡ್ಡೆ ಹಾಕಿದರೂ ಆಲ್ಫಾ 0.82ಕ್ಕೆ ಏರುತ್ತದೆ! ಉದ್ದದಿಂದಲೇ ಗಳಿಸಿದ ಅಂಕ ಅದು. ಇನ್ನೊಂದು ಅಡ್ಡದಾರಿಯೂ ಇದೆ. 'ನಿದ್ದೆ ಬರುವುದಿಲ್ಲವೇ', 'ಮಲಗಿದರೂ ಎಚ್ಚರವೇ', 'ರಾತ್ರಿ ಹೊರಳಾಡುತ್ತೀರಾ' ಎಂದು ಒಂದನ್ನೇ ತಿರುಚಿ ತಿರುಚಿ ಕೇಳಿದರೆ ಆಲ್ಫಾ 0.95ನ್ನೂ ಮೀರಬಹುದು, ಆದರೆ ಅಳೆದದ್ದು ನಿದ್ದೆಯನ್ನು ಮಾತ್ರ. ಪ್ರಶ್ನೆಗಳು ಒಟ್ಟಿಗಿವೆ ಎಂದು ಆಲ್ಫಾ ಹೇಳುತ್ತದೆ. ಯಾವುದರ ಸುತ್ತ ಒಟ್ಟಿಗಿವೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಅದನ್ನು ಹೇಳಬೇಕಾದದ್ದು ಸಿಂಧುತ್ವ. 2001ರ ಅಧ್ಯಯನದಲ್ಲಿ 580 ರೋಗಿಗಳನ್ನು ತಜ್ಞರು ಪ್ರತ್ಯೇಕವಾಗಿ ಸಂದರ್ಶಿಸಿದರು. ಅವರ ನಿರ್ಣಯದ ಪಕ್ಕದಲ್ಲಿ ಹಾಳೆಯ ಅಂಕವನ್ನಿಟ್ಟು ನೋಡಿದಾಗ, 10ರ ಗೆರೆ ತೀವ್ರ ಖಿನ್ನತೆ ಇದ್ದವರಲ್ಲಿ ಶೇ 88 ಮಂದಿಯನ್ನು ಹಿಡಿಯಿತು. ಇಲ್ಲದವರಲ್ಲಿ ಶೇ 88 ಮಂದಿಯನ್ನು ಸರಿಯಾಗಿ ಬಿಟ್ಟಿತು. ಕೇಳಿದೊಡನೆ, ಗೆರೆ ದಾಟಿದ ನೂರರಲ್ಲಿ 88 ಮಂದಿಗೆ ಖಿನ್ನತೆ ಇದೆ ಎಂದೇ ಅನಿಸುತ್ತದೆ. ಲೆಕ್ಕ ಹಾಗಿಲ್ಲ. ಸಾಮಾನ್ಯ ಚಿಕಿತ್ಸಾಲಯಕ್ಕೆ ಬಂದ 1000 ಜನರಲ್ಲಿ 70 ಮಂದಿಗೆ ತೀವ್ರ ಖಿನ್ನತೆ ಇದೆ ಎನ್ನೋಣ. ಅವರಲ್ಲಿ 62 ಮಂದಿ ಸಿಗುತ್ತಾರೆ, 8 ಮಂದಿ ತಪ್ಪಿಹೋಗುತ್ತಾರೆ. ಉಳಿದ 930 ಆರೋಗ್ಯವಂತರಲ್ಲಿ ಶೇ 12, ಎಂದರೆ 112 ಮಂದಿ ವೃಥಾ ಸಿಕ್ಕಿಬೀಳುತ್ತಾರೆ. ಗೆರೆ ದಾಟಿದವರು ಒಟ್ಟು 174, ನಿಜವಾದ ರೋಗಿಗಳು 62. ಮೂರರಲ್ಲಿ ಒಬ್ಬರಷ್ಟೇ. ಹಾಳೆ ಇರುವುದು ಯಾರನ್ನು ಮುಂದೆ ವಿಚಾರಿಸಬೇಕು ಎಂದು ಆರಿಸಲು. ರೋಗ ಇದೆಯೆಂದು ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ.

ನಮ್ಮ ಶಿಕ್ಷಕಿ ಆ 112ರ ಗುಂಪಿಗೆ ಸೇರಿರಬಹುದು. ಅವರ 11 ಅಂಕಗಳಲ್ಲಿ 8 ಬಂದದ್ದು ನಿದ್ದೆ, ಸುಸ್ತು, ಹಸಿವುಗಳಿಂದ. ರಕ್ತಹೀನತೆ ಇದ್ದರೂ, ಥೈರಾಯ್ಡ್ ಕೈಕೊಟ್ಟರೂ, ಗರ್ಭಿಣಿಯಾಗಿದ್ದರೂ ಇಷ್ಟೇ ಅಂಕ ಬರಲು ಅಡ್ಡಿಯಿಲ್ಲ. ತೀವ್ರ ಖಿನ್ನತೆ ಎನ್ನಬೇಕಾದರೆ ಮೊದಲ ಎರಡು ಪ್ರಶ್ನೆಗಳಲ್ಲಿ, ಅಂದರೆ ನಿರಾಸಕ್ತಿ ಅಥವಾ ಕುಗ್ಗಿದ ಮನಸ್ಸಿನಲ್ಲಿ, ಒಂದಕ್ಕಾದರೂ 2 ಬಂದಿರಲೇಬೇಕು. ಶಿಕ್ಷಕಿಗೆ ಒಂದರಲ್ಲಿ 0, ಇನ್ನೊಂದರಲ್ಲಿ 1. ಅನುಭವಿ ವೈದ್ಯರು ಅವರಿಗೆ ಮೊದಲು ರಕ್ತಪರೀಕ್ಷೆಯ ಚೀಟಿ ಬರೆಯುತ್ತಾರೆ. ಒಟ್ಟು ಅಂಕವನ್ನಷ್ಟೇ ನೋಡುವವರು ಮಾತ್ರೆ ಬರೆದುಬಿಡುವ ಅಪಾಯವಿದೆ.

ಸಿಂಧುತ್ವ ಪರೀಕ್ಷೆಗೆ ಒಮ್ಮೆ ಅಂಟಿಸಿದ ಮುದ್ರೆಯಲ್ಲ ಎಂಬುದಕ್ಕೆ ನಮ್ಮ ನೆಲದಲ್ಲೇ ಉದಾಹರಣೆಯಿದೆ. ಫ್ರಾನ್ಸಿನ ಬಿನೆ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದ್ದು 1930ರ ದಶಕದಲ್ಲಿ. ಬರಿಯ ಅನುವಾದಕ್ಕೆ ನಿಲ್ಲದೆ ಇಲ್ಲಿನ ಮಕ್ಕಳ ಮೇಲೆ ಪ್ರಯೋಗಿಸಿ ವಯಸ್ಸಿಗೆ ತಕ್ಕ ಮಟ್ಟಗಳನ್ನು ಗೊತ್ತುಮಾಡಿದ್ದು ಆ ಕಾಲಕ್ಕೆ ಸಣ್ಣ ಸಾಧನೆಯಲ್ಲ. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಭಾರತದಲ್ಲಿ ಬಳಕೆಯಲ್ಲಿದೆ. ತೊಡಕಿರುವುದು ಹೋಲಿಕೆಯಲ್ಲಿ: ಇಂದಿನ ಮಗುವನ್ನು ಅಂದಿನ ಮಕ್ಕಳ ಪಕ್ಕದಲ್ಲಿ ನಿಲ್ಲಿಸಿದಂತಾಗುತ್ತದೆ. ಅಮೆರಿಕದಲ್ಲಿ ಬುದ್ಧಿಪರೀಕ್ಷೆಯ ಅಂಕ ದಶಕಕ್ಕೆ ಸುಮಾರು 3ರಂತೆ ಏರುತ್ತಾ ಬಂದಿರುವುದನ್ನು ಜೇಮ್ಸ್ ಫ್ಲಿನ್ ತೋರಿಸಿದ್ದಾರೆ. ಹಳೆಯ ಮಾನದಂಡದ ಮುಂದೆ ಇಂದಿನ ಮಗು ಇರುವುದಕ್ಕಿಂತ ಚುರುಕಾಗಿ ಕಾಣಬಹುದು. ವಿಶೇಷ ನೆರವು ಬೇಕಾದ ಮಗುವಿನ ಅಂಕ 70ರ ಗೆರೆಯ ಮೇಲೆ ನಿಂತರೆ ಅದಕ್ಕೆ ಸಿಗಬೇಕಾದದ್ದು ತಪ್ಪಿಹೋಗುತ್ತದೆ. ಎಷ್ಟು ಸಲ ಅಳೆದರೂ ಅದೇ ಅಂಕ ಬರಬಹುದು. ಅದರಿಂದ ಮಗುವಿಗೆ ಏನೂ ಪ್ರಯೋಜನವಿಲ್ಲ.

ಪಿಎಚ್‌ಕ್ಯೂ-9 ಉಚಿತವಾಗಿ ಸಿಗುತ್ತದೆ, ಮೊಬೈಲಿನಲ್ಲೂ ತುಂಬಬಹುದು. ತುಂಬುವವರು ಒಟ್ಟು ಮೊತ್ತಕ್ಕಿಂತ ಮೊದಲು ಒಂಬತ್ತನೆಯ ಸಾಲನ್ನು ನೋಡಬೇಕು. ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯನ್ನು ಕೇಳುವ ಪ್ರಶ್ನೆ ಅದು. ಅಲ್ಲಿ 1 ಇದ್ದರೂ, ಒಟ್ಟು ಅಂಕ 4 ಮಾತ್ರ ಆಗಿದ್ದರೂ, ಆಲ್ಫಾ, ಸಹಸಂಬಂಧ, 10ರ ಗೆರೆ ಯಾವುದನ್ನೂ ಕಾಯದೆ ಅಂದೇ ಯಾರೊಂದಿಗಾದರೂ ಮಾತಾಡಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು-ರಾತ್ರಿ ಲಭ್ಯ, ಕನ್ನಡದಲ್ಲೂ ಮಾತಾಡಬಹುದು.